ಅರವತ್ತು ಪದಗಳ ಅಪ್ಪ

ಪ್ರಕಾಶನದ ಕಚೇರಿಯಲ್ಲಿ ಊಟದ ಡಬ್ಬಿ ತೆರೆಯುತ್ತಲೇ ಕರಡು ತಿದ್ದುವವನು ಘೋಷಿಸಿದ: "ಮಲಗೋ ಹೊತ್ತಿನ ಮಕ್ಕಳ ಕತೆ ತಾನೆ? ಕಾಫಿ ಆರೋದ್ರೊಳಗೆ ಬರೆದು ಬಿಸಾಕ್ತೀನಿ!"

ಹನ್ನೆರಡು ವರ್ಷ ಊರವರ ತಪ್ಪು ತಿದ್ದಿದವನಿಗೆ ಮೊದಲ ಸಲ ಮುಖಪುಟದಲ್ಲಿ ಹೆಸರು ಬರುವುದಿತ್ತು.

ಸಂಪಾದಕಿ ಒಂದು ಹಾಳೆ ತಳ್ಳಿದರು. ಮಕ್ಕಳಿಗೆ ಆಗಲೇ ಗೊತ್ತಿರುವ ಅರವತ್ತು ಪದ. ಅದರಾಚೆ ಪುಟಕ್ಕೆ ಒಂದೇ ಹೊಸ ಪದ. ಅದು ಮೂರು ಸಲ ಬರಬೇಕು, ಚಿತ್ರದಲ್ಲೂ ಕಾಣಬೇಕು. ವಾಕ್ಯಕ್ಕೆ ನಾಲ್ಕು ಪದ ದಾಟಬಾರದು. ಒತ್ತಕ್ಷರದ ಭಾಗ್ಯ ಅಪ್ಪ, ಅಮ್ಮ, ಅಜ್ಜಿಗೆ ಮಾತ್ರ.

"ಬರೆದ್ಮೇಲೆ ನಿಮ್ಮ ಮಗಳ ಹತ್ರ ಓದಿಸಿ. ತಡೆದಾಗೆಲ್ಲ ಒಂದೊಂದು ಬೆರಳು ಎತ್ತಲಿ. ಕೈ ತುಂಬಿದ್ರೆ ಕತೆ ನಪಾಸು."

ಕಾಫಿ ಆರಿತು. ಎಂಟು ದಿನವೂ ಆರಿತು! 'ನಕ್ಷತ್ರ' ಬರೆದ, ಹೊಡೆದ. 'ನಿದ್ರೆ' ಬರೆದ, ಹೊಡೆದ. ಕೊನೆಗೆ ಮಹಾಕಾವ್ಯ ಹುಟ್ಟಿತು: 'ಸಂಜೆ ಆಯಿತು. ಅಪ್ಪ ಮನೆಗೆ ಬಂದ. ಮಗಳ ಬಳಿ ಕುಳಿತ. ಕತೆ ಹೇಳಿದ.'

ಅಂದು ಬೇಗ ಮನೆಗೆ ಬಂದು ಆರು ವರ್ಷದ ಮಗಳ ಹಾಸಿಗೆಯ ತುದಿಯಲ್ಲಿ ಕೂತ. ಹೆಂಡತಿ ಬಟ್ಟೆ ಮಡಚುತ್ತಿದ್ದಳು.

'ಸಂಜೆ ಆಯಿತು' ಸಲೀಸಾಗಿ ಹೋಯಿತು. 'ಅಪ್ಪ ಮನೆಗೆ ಬಂದ' ಎಂದು ಓದಿ ಮಗಳು ಒಂದು ಬೆರಳು ಎತ್ತಿದಳು. 'ಮಗಳ ಬಳಿ ಕುಳಿತ'ಕ್ಕೆ ಎರಡನೆಯದು. 'ಕತೆ ಹೇಳಿದ'ಕ್ಕೆ ಮೂರನೆಯದು. ಆರನೆಯ ಪುಟಕ್ಕೆ ಪುಟ್ಟ ಅಂಗೈ ಅವನ ಮೂಗಿನ ಮುಂದೆ ಪೂರ್ತಿ ಅರಳಿತ್ತು.

"ಯಾಕಮ್ಮಾ? ಅಪ್ಪ ಗೊತ್ತು. ಕತೆ ಗೊತ್ತು. ಸಂಜೆ ಗೊತ್ತು. ಎಲ್ಲ ಸರಿಯಾಗೇ ಓದಿದ್ಯಲ್ಲ!"

"ಒಂದೊಂದೇ ಗೊತ್ತಪ್ಪಾ. ಒಟ್ಟಿಗೆ ಅರ್ಥ ಆಗ್ತಿಲ್ಲ."

"ನೀನೇ ಹೇಳಿಕೊಟ್ಯಾ?" ಎಂದು ಹೆಂಡತಿಯತ್ತ ತಿರುಗಿದ.

"ನಾನ್ಯಾಕೆ ಹೇಳಿಕೊಡ್ಲಿ?" ಅವಳು ಮಡಿಕೆ ತಪ್ಪಿಸಲಿಲ್ಲ. "ನೀವು ಬರೋ ಹೊತ್ತಿಗೆ ಮಗೂಗೆ ಅರ್ಧ ರಾತ್ರಿ. ಹೋದ ವರ್ಷ ಒಂದು ಭಾನುವಾರ ಕತೆ ಹೇಳ್ತೀನಿ ಅಂತ ಕೂತು ನೀವೇ ಗೊರಕೆ ಹೊಡೆದ್ರಿ. ದಿನಾ ಹೇಳೋದು ಮೇಲಿನ ಮನೆ ಅಜ್ಜಿ."

ಫೋನಿನಲ್ಲಿ ಸಂಪಾದಕಿಯದು ತಣ್ಣನೆಯ ತೀರ್ಪು: "ಐದು ಬೆರಳಾ? ಹಾಗಾದ್ರೆ ಅಪ್ಪನ್ನ ತೆಗೀರಿ. ಮಗು ದಿನಾ ನೋಡೋರು ಯಾರೋ ಅವರನ್ನ ಹಾಕಿ."

ಅವನು ಕೆಂಪು ಪೆನ್ನು ತೆಗೆದು ಎಂಟು ಪುಟಗಳಲ್ಲೂ ತನ್ನನ್ನು ತಾನೇ ಹೊಡೆದುಹಾಕಿದ. 'ಅಜ್ಜಿ ಮನೆಗೆ ಬಂದಳು. ಮಗಳ ಬಳಿ ಕುಳಿತಳು.' ಮಗಳು ಒಂದು ಬೆರಳೂ ಎತ್ತದೆ ಓದುತ್ತ ಹೋಗಿ, ಏಳನೆಯ ಪುಟದಲ್ಲಿ ನಿದ್ದೆಹೋದಳು.

ಸಂಪಾದಕಿಗೆ ಭಾರೀ ಖುಷಿಯಾಯಿತು. ಇದೇ ಮಾಲೆಗೆ ಇನ್ನೂ ಐದು ಕತೆ ಬೇಕೆಂದರು. ಅವನು ಒಪ್ಪಿಕೊಂಡ. ಮುಂದಿನ ಮೂರು ತಿಂಗಳು ಸಂಜೆಯೆಲ್ಲ ಕಚೇರಿಯಲ್ಲೇ ಕೂತು ಬರೆದ.