ಊರಲ್ಲಿಲ್ಲದ ಗ್ರ್ಯಾಜುಯೇಟು

ಕೆಲಸವಿಲ್ಲದವನಿಗೆ ಕೆಲಸ ಇರುವುದಿಲ್ಲ ಎಂದು ತಿಳಿದವರು ಎಂದೂ ಕೆಲಸಕ್ಕೆ ಅರ್ಜಿ ಹಾಕಿದವರಲ್ಲ. ಅರ್ಜಿ ಹಾಕಿ ಉತ್ತರಕ್ಕೆ ಕಾಯುವುದರಷ್ಟು ಮೈಮುರಿಯುವ ಕೆಲಸವನ್ನು ನಾನು ಗದ್ದೆಯಲ್ಲೂ ಕಂಡಿಲ್ಲ, ಹೊಗೆಸೊಪ್ಪು ಬೇಯಿಸುವ ಬೇರನ್‍ನಲ್ಲೂ ಕಂಡಿಲ್ಲ. ಗದ್ದೆಯ ಕೆಲಸಕ್ಕೆ ಸಂಜೆ ಎನ್ನುವುದೊಂದಿದೆ. ಇದಕ್ಕೆ ಅದೂ ಇಲ್ಲ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೈಸೂರಿನಲ್ಲಿ ಉಚಿತ ಹಾಸ್ಟೆಲಿನ ಸಾರು ಕುಡಿದು, ಬೇರೆಯವರ ಪುಸ್ತಕ ಓದಿ ಬಿ.ಎಸ್‌ಸಿ. ಪಾಸು ಮಾಡಿದವನು ನಾನು. ಹುಣಸೂರು ತಾಲ್ಲೂಕಿನ ನಮ್ಮ ಹಳ್ಳಿಗೆ ವಾಪಸು ಬಂದಾಗ ಅವ್ವ ದೃಷ್ಟಿ ತೆಗೆದಳು. ಅಪ್ಪ ಮಾತ್ರ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಇಷ್ಟೊರ್ಸ ಓದಿ ಇಷ್ಟು ಸಣ್ಣಗಾಗಿ ಬಂದವ್ನಲ್ಲ. ಇನ್ನಷ್ಟು ಓದಿದ್ರೆ ಕಾಣುಸ್ತಾನೇ ಇರ್ನಿಲ್ಲ,” ಎಂದ.

ಆ ಬೇಸಿಗೆಯಲ್ಲೇ ಪಿರಿಯಾಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರ ಜಾಗ ಖಾಲಿ ಇದೆಯೆಂದು ತಿಳಿದು ಅರ್ಜಿ ಹಾಕಿದೆ. ಸಂದರ್ಶನವೂ ಆಯಿತು. ಹೆಡ್‌ಮಾಸ್ಟರು ಕರಿ ಕೋಟಿನ ಗಂಭೀರ ಮನುಷ್ಯರು. ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿ, “ಕಮಿಟಿ ಹುಣ್ಣಿಮೆ ಕಳೆದ ಮೇಲೆ ಸೇರುತ್ತೆ. ಆಮೇಲೆ ಕಾಗದ ಹಾಕ್ತೀವಿ,” ಎಂದರು. ನಾನು ಬಸ್ಸಿನಲ್ಲಿ ಹುಣಸೂರು ಮುಟ್ಟುವುದರೊಳಗೆ ಮನಸ್ಸಿನಲ್ಲಿ ಒಂದು ವರ್ಷದ ಪಾಠ ಮುಗಿಸಿದ್ದೆ.

ಹುಣ್ಣಿಮೆ ಬಂತು, ಹೋಯಿತು. ಕಾಗದ ಬರಲಿಲ್ಲ. ಟಪಾಲಿನವನು ಬರುವ ಹೊತ್ತಿಗೆ ನಾನು ಅರಳಿಕಟ್ಟೆಯ ಮೇಲೆ ಹಾಜರು. ಅವನು ದೂರದಿಂದಲೇ ಕೈಯಾಡಿಸಿಬಿಡುತ್ತಿದ್ದ. ಕಟ್ಟೆಯ ಹಿರಿಯರು, “ಏನ್ಲಾ ಬೀಯೆಸ್ಸಿ, ಆರ್ಡ್ರು ಬತ್ತಾ?” ಎನ್ನುವರು. “ಬತ್ತದೆ, ಬತ್ತದೆ,” ಎನ್ನುವೆ. “ನಡ್ಕಂಡು ಬತ್ತಾ ಇರ್ಬೇಕು ಕಣ್ರಲಾ, ಬುಡಿ,” ಎಂದು ಅವರೇ ಸಮಾಧಾನ ಹೇಳಿಕೊಳ್ಳುವರು. ಕೆಲಸ ಸಿಗದಿದ್ದರೆ ಬೇರನ್ನಿಗೆ ಸೌದೆ ಒಟ್ಟುವುದೇ ಗತಿ. ಅದರಲ್ಲಿ ಅವಮಾನವೇನಿಲ್ಲ. ಆದರೆ ನನ್ನ ತಮ್ಮನನ್ನು ಓದಿಸಲೋ ಬಿಡಿಸಲೋ ಎಂದು ಅಪ್ಪ ನನ್ನ ಮುಖ ನೋಡಿಕೊಂಡು ಕೂತಿದ್ದ. ನಾನು ಸೋತರೆ ನಮ್ಮ ಮನೆಯಲ್ಲಿ ಓದು ಎನ್ನುವುದೇ ಸೋತಂತೆ.

ಕಾದೂ ಕಾದೂ ತಾಳ್ಮೆ ಕೆಟ್ಟು ಒಂದು ಪತ್ರ ಬರೆದೆ. ಅದರಲ್ಲಿ ನಮ್ಮ ಬಡತನ, ಅವ್ವನ ಮಂಡಿನೋವು, ಹಾಸ್ಟೆಲಿನ ಸಾರು ಎಲ್ಲವೂ ಇದ್ದವು. ಓದಿ ನನಗೇ ಅಳು ಬಂತು. ಮರುದಿನ ಅದನ್ನು ಹರಿದು ಇನ್ನೊಂದು ಬರೆದೆ. ಅದರಲ್ಲಿ ‘ಯೋಗ್ಯತೆಗೆ ಬೆಲೆ ಕೊಡದ ಸಂಸ್ಥೆಗಳು’ ಎಂಬ ಮಾತಿತ್ತು. ಎರಡನೆಯದನ್ನು ಜೇಬಿಗಿಟ್ಟುಕೊಂಡು ಹುಣಸೂರಿಗೆ ಹೋಗಿ ನಂಜುಂಡಪ್ಪನಿಗೆ ತೋರಿಸಿದೆ.

ನಂಜುಂಡಪ್ಪ ಹಾಸ್ಟೆಲಿನಲ್ಲಿ ನನ್ನ ಕೋಣೆಯವನು. ಹೊಗೆಸೊಪ್ಪಿನ ಮಂಡಿಯೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ. ಓದಿ ಮುಗಿಸಿ, “ಇದು ಕೆಲಸ ಕೇಳೋ ಕಾಗದವೋ, ಜಗಳಕ್ಕೆ ಕರೆಯೋ ಕಾಗದವೋ?” ಎಂದ.

“ಅವರು ಉತ್ತರಾನೇ ಹಾಕ್ಲಿಲ್ವಲ್ಲ?”

“ಹಾಕಿಲ್ಲ ಅಂತ ನಿಂಗ್ಯಾರ್ಲಾ ಹೇಳಿದ್ದು? ನಿಂಗೆ ಬಂದಿಲ್ಲ ಅಷ್ಟೇಯ. ಕಮಿಟಿ ತಡವಾಗಿರ್ಬೋದು. ಕಾಗದ ಎಲ್ಲೋ ಸಿಕ್ಕಾಕ್ಕೊಂಡಿರ್ಬೋದು. ನಮ್ಮ ಮಂಡಿಗೆ ದಿನಾ ಕಾಗದ ಬತ್ತವೆ. ಬೈದು ಬರೆದವ್ರದು ಸಾವ್ಕಾರ್ರ ಕೈಗೆ, ಅಳೋವ್ರದು ಕಟ್ಟಿನ ಅಡೀಗೆ. ಏನು ಬೇಕು ಅಂತ ನೆಟ್ಟಗೆ ಕೇಳ್ದವ್ರಿಗೆ ಅವತ್ತೇ ಜವಾಬು.”

ಇಬ್ಬರೂ ಮಂಡಿಯ ಮೂಲೆಯಲ್ಲಿ ಕೂತೆವು. ಸೊಪ್ಪಿನ ಘಾಟಿಗೆ ನಾನು ಸೀನುತ್ತಲೇ ಇಂಗ್ಲಿಷಿನಲ್ಲಿ ಬರೆದೆ. ಪತ್ರ ಕಮಿಟಿಯ ಅಧ್ಯಕ್ಷರಿಗಲ್ಲ, ನನ್ನನ್ನು ನೋಡಿ ಮಾತಾಡಿಸಿದ್ದ ಹೆಡ್‌ಮಾಸ್ಟರಿಗೆ. ಯಾವ ಹುದ್ದೆ, ಅರ್ಜಿ ಹಾಕಿದ್ದು ಯಾವಾಗ, ಸಂದರ್ಶನ ಯಾವಾಗ ಎಂಬುದು ಮೊದಲ ಸಾಲಿನಲ್ಲೇ, ಅವರು ಕಡತ ಹುಡುಕಬೇಕಾಗಬಾರದು. ಅಂದು ಸಮಯ ಕೊಟ್ಟದ್ದಕ್ಕೆ ವಂದನೆ. ಹುಣ್ಣಿಮೆಯ ನಂತರ ತಿಳಿಸುವುದಾಗಿ ಅವರೇ ಹೇಳಿದ್ದರಿಂದ ಈಗ ವಿಚಾರಿಸುತ್ತಿದ್ದೇನೆ, ಆ ಕೆಲಸದ ಮೇಲೆ ನನ್ನ ಆಸೆ ಹಾಗೇ ಇದೆ, ಕರೆದರೆ ತಕ್ಷಣ ಬರಬಲ್ಲೆ ಎಂದು ಎರಡು ಸಾಲು. ಸಂದರ್ಶನದ ದಿನ ನನ್ನ ಬಳಿ ಇರದಿದ್ದ ಪದವಿಯ ಪ್ರಮಾಣಪತ್ರ ಈಗ ಬಂದಿದೆ, ನಕಲು ಇಟ್ಟಿದ್ದೇನೆ ಎಂಬ ಹೊಸ ಸಂಗತಿ. ಕೊನೆಗೆ ಒಂದೇ ಪ್ರಶ್ನೆ: ತೀರ್ಮಾನವಾಗಿದೆಯೇ, ಇಲ್ಲವಾದರೆ ಯಾವಾಗ ನಿರೀಕ್ಷಿಸಲಿ? ತಾವು ಬರೆದಿದ್ದ ಕಾಗದ ನನಗೆ ತಲುಪದೆ ಹೋಗಿದ್ದರೆ ಕ್ಷಮಿಸಿ ಎಂದೂ ಸೇರಿಸಿದೆ.

“ಅವ್ವನ ಮಂಡಿನೋವು?” ಎಂದೆ.

“ಅದುನ್ನ ಡಾಕ್ಟ್ರಿಗೆ ಬರಿ.”

ನಂಜುಂಡಪ್ಪ ಇನ್ನೊಂದು ಉಪಕಾರ ಮಾಡಿದ. ಉತ್ತರಕ್ಕೆಂದು ಒಂದು ಕಾರ್ಡು ಒಳಗಿಟ್ಟು, ಅದರ ಮೇಲೆ ಮಂಡಿಯ ವಿಳಾಸ ಬರೆದ. “ನಿಮ್ಮೂರಿಗೆ ಟಪಾಲು ಯಾವಾಗ ಬತ್ತದೋ ಯಾವಾಗ ಇಲ್ವೋ. ಇಲ್ಲಿಗಾದ್ರೆ ದಿನಾ ಬತ್ತದೆ,” ಎಂದ. ಆ ಮಾತಿಗೆ ನಾನು ಈಗಲೂ ಕೈ ಮುಗಿಯುತ್ತೇನೆ.

ವಾರ ಕಳೆಯುವುದರೊಳಗೆ ಕಾರ್ಡು ಮಂಡಿಗೆ ಬಂತು. ‘ತಮ್ಮ ನೇಮಕದ ಆದೇಶವನ್ನು ರಿಜಿಸ್ಟರ್ ಮಾಡಿ ಕಳಿಸಿದ್ದೆವು. ವಿಳಾಸದಾರರು ಊರಲ್ಲಿಲ್ಲ ಎಂದು ವಾಪಸು ಬಂದಿದೆ. ತಮಗೆ ಇಷ್ಟವಿಲ್ಲವೆಂದು ತಿಳಿದು ಬೇರೊಬ್ಬರಿಗೆ ಬರೆಯುವವರಿದ್ದೆವು. ತಕ್ಷಣ ಬನ್ನಿ.’

ಮರುದಿನ ಬೆಳಗಿನ ಬಸ್ಸಿಗೇ ಹೋದೆ. ಹೆಡ್‌ಮಾಸ್ಟರು ವಾಪಸು ಬಂದ ಲಕೋಟೆಯನ್ನು ತೋರಿಸಿದರು. “ನೀವು ಬೈದು ಬರೆದಿದ್ದರೆ ಕಮಿಟಿಯವರಿಗೆ ತೋರಿಸೋಕೆ ನನಗೆ ಬಾಯಿ ಇರ್ತಿರಲಿಲ್ಲ. ಈ ಕಾಗದವನ್ನ ಹಾಗೇ ಓದಿ ಹೇಳಿದೆ. ಎಲ್ಲರೂ ಒಪ್ಪಿದರು,” ಎಂದು ನಕ್ಕು ಆದೇಶವನ್ನು ಕೈಗಿತ್ತು ರುಜು ಹಾಕಿಸಿಕೊಂಡರು. ನನ್ನ ಕಣ್ಣು ಮಂಜಾಯಿತು. ಹೊಗೆಸೊಪ್ಪಿನ ಘಾಟು ಎಂದು ಹೇಳೋಣವೆಂದರೆ ಅಲ್ಲಿ ಸೊಪ್ಪಿರಲಿಲ್ಲ.

ಮನೆಗೆ ಬಂದವನೇ ಕೇಳಿದೆ, “ಅಪ್ಪ, ನನ್ನ ಹೆಸರಿಗೆ ಏನಾರ ಲಕೋಟೆ ಬಂದಿತ್ತಾ?”

“ಬಂದಿತ್ತು ಕಣ್ಲಾ,” ಎಂದ ಅಪ್ಪ, ಗೆದ್ದವನ ಹಾಗೆ. “ನೀನು ಹುಣಸೂರು ಟಪಾಲು ಕಚೇರೀಲಿ ಕಾಗದ ಬಂದದಾ ಅಂತ ಕೇಳಕ್ಕೆ ಹೋಗಿದ್ಯಲ್ಲ, ಅವತ್ತು. ದಿನಾ ಬರೋನಲ್ಲ, ಯಾವನೋ ಬದ್ಲಿ ಟಪಾಲ್ನೋನು ತಂದಿದ್ದ. ಅರಗಿನ ಸೀಲು ಅಂತೆ, ರುಜು ಬೇಕಂತೆ! ನಾನೇನ್ ಅಂಗೇ ಬುಟ್ಬುಟ್ಟೀನಾ? ಅವ್ನು ಊರಲ್ಲೇ ಇಲ್ಲ, ಯಾವಾಗ ಬತ್ತಾನೋ ಗೊತ್ತಿಲ್ಲ ಅಂತ ಕಳಿಸ್ಬುಟ್ಟೆ.”

ಹಿಂದೆ ನಮ್ಮ ಬದುವಿನ ವ್ಯಾಜ್ಯದಲ್ಲಿ ಅಪ್ಪ ಇಂಥದೇ ಲಕೋಟೆಗೆ ಹೆಬ್ಬೆಟ್ಟು ಒತ್ತಿ, ಆಮೇಲೆ ಕೋರ್ಟಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ್ದ. ಅಂದಿನಿಂದ ಸೀಲು ಇರುವ ಕಾಗದ ಬಂದರೆ ನಮ್ಮ ಮನೆಯಲ್ಲಿ ಯಾರೂ ಊರಲ್ಲಿರುವುದಿಲ್ಲ. ಮಗನಿಗೆ ಆ ಗತಿ ಬಾರದಿರಲೆಂದು ತನಗೆ ತಿಳಿದ ಒಂದೇ ಉಪಾಯದಿಂದ ನನ್ನನ್ನು ಕಾಪಾಡಿದ್ದ. ಸಿಟ್ಟು ಮಾಡೋಣವೆಂದರೆ ನನ್ನನ್ನು ಓದಿಸಿದವನೂ ಅವನೇ. ವಿಷಯ ತಿಳಿಸಿದೆ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ತಮ್ಮನ ಕಡೆ ತಿರುಗಿ, “ನಾಳೆಯಿಂದ ಇಸ್ಕೂಲು ತಪ್ಪುಸ್ಬೇಡ ಕಣ್ಲಾ,” ಎಂದ. ನನಗೆ ಬೇಕಾಗಿದ್ದುದು ಅಷ್ಟೇ.

ಆಮೇಲೆ ಮೆಲ್ಲಗೆ, “ಅಲ್ಲೂ ಹೆಬ್ಬೆಟ್ಟು ಒತ್ಬುಟ್ಯಾ?” ಎಂದು ಕೇಳಿದ.

“ಇಲ್ಲಪ್ಪ, ರುಜು ಹಾಕ್ದೆ.”

“ಅಯ್ಯೋ ಪೆದ್ದೇ! ನಾನು ಕೊಟ್ಟಿದ್ದು ಒಂದು ಬೆಟ್ಟು. ನೀನು ಪೂರ್ತಿ ಹೆಸರೇ ಕೊಟ್ಬುಟ್ಟು ಬಂದ್ಯಲ್ಲೋ!”

ನಾನು ನಕ್ಕೆ. ಆದರೆ ಈಗ ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ರುಜು ಹಾಕಿ ಎಂಟನೇ ಕ್ಲಾಸಿನ ಗದ್ದಲದೊಳಗೆ ಕಾಲಿಡುವಾಗ, ಸಂಜೆ ಗಂಟೆ ಹೊಡೆಯುವವರೆಗೆ ನನಗೆ ಬಿಡುಗಡೆಯಿಲ್ಲ ಎಂಬುದು ಗೊತ್ತಾಗುತ್ತದೆ. ಬಿ.ಎಸ್‌ಸಿ. ಓದಿದ ನನಗೆ ಹೊಳೆಯದ್ದು ಅಪ್ಪನಿಗೆ ಆವತ್ತೇ ಹೊಳೆದಿತ್ತು. ಇಷ್ಟಾಗಿಯೂ, ಪುಣ್ಯಕ್ಕೆ, ಸೀಲಿನ ಲಕೋಟೆ ಬಂದರೂ ನಾನು ಈಗ ಊರಲ್ಲೇ ಇರುತ್ತೇನೆ.