ದಯಾನಂದನದು ಬರೀ ಅದೃಷ್ಟ ಎಂದು ನಾನು ಸಾಧಿಸಿ ತೋರಿಸಿದ್ದು

ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಮೂಡುಬಿದಿರೆಯಲ್ಲಿ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಬೆಳ್ತಂಗಡಿ ಕಡೆ ಒಬ್ಬರಿರಬಹುದು ಎಂಬ ಸಣ್ಣ ಸಂಶಯವಿತ್ತು. ಅವರು ನಿವೃತ್ತರಾದ ಮೇಲೆ ಅದೂ ಹೋಯಿತು. ನಾನು ಪಾಠ ಹೇಳುತ್ತಿದ್ದ ಟ್ಯುಟೋರಿಯಲ್ ಮುಚ್ಚಿದಾಗ ಊರಿಗೆ ಆದ ನಷ್ಟವನ್ನು ನೆನೆದು ನನಗೆ ಬಹಳ ಬೇಸರವಾಯಿತು. ಊರು ಆ ನಷ್ಟವನ್ನು ಧೈರ್ಯದಿಂದ ಸಹಿಸಿಕೊಂಡಿತು.

ಆಗ ಬಂಟ್ವಾಳದ ಒಬ್ಬ ಧಣಿ ನನ್ನನ್ನು ಕರೆಸಿದರು. ಅವರದು ಕ್ರಿಕೆಟ್ ಬೆಟ್ಟಿಂಗ್. ಕೆಳಗೆ ಮೊಬೈಲ್ ರಿಪೇರಿಯ ಬೋರ್ಡು, ಮಹಡಿಯಲ್ಲಿ ಮೂರು ಫೋನು, ಎರಡು ಕಂಪ್ಯೂಟರು ಮತ್ತು ನಾನು. ಮನೆಯಲ್ಲಿ ಹೆಂಡತಿ ವಾರಿಜಳಿಗೆ, "ಕ್ರೀಡಾ ದತ್ತಾಂಶಗಳ ವಿಶ್ಲೇಷಣೆಯ ಹುದ್ದೆ" ಎಂದು ಗಂಭೀರವಾಗಿ ತಿಳಿಸಿದೆ.

"ಬೆಟ್ಟಿಂಗಾ?" ಎಂದು ಅವಳು ಕೇಳಿದಳು. ವಿಶ್ಲೇಷಣೆ ಅಲ್ಲಿಗೆ ಮುಗಿಯಿತು.

ನನ್ನ ಕೆಲಸ ರೇಟು ಕಟ್ಟುವುದು. ಎರಡು ತಂಡಗಳು ಸಮಬಲದವು ಎಂದಿಟ್ಟುಕೊಳ್ಳಿ. ನ್ಯಾಯವಾಗಿ ಒಂದು ರೂಪಾಯಿ ಹಾಕಿ ಗೆದ್ದವನಿಗೆ ಒಂದು ರೂಪಾಯಿ ಲಾಭ ಸಿಗಬೇಕು. ನಾವು ತೊಂಬತ್ತು ಪೈಸೆ ಕೊಡುತ್ತೇವೆ. ಒಬ್ಬ ಈ ತಂಡಕ್ಕೆ ನೂರು, ಇನ್ನೊಬ್ಬ ಆ ತಂಡಕ್ಕೆ ನೂರು ಹಾಕಿದರೆ ಬಂದದ್ದು ಇನ್ನೂರು. ಗೆದ್ದವನಿಗೆ ಹೋಗುವುದು ನೂರ ತೊಂಬತ್ತು. ಉಳಿದ ಹತ್ತು ಧಣಿಗಳದು. ಯಾರು ಗೆದ್ದರೂ ಧಣಿಗಳು ಸೋಲದ ಹಾಗೆ, ಯಾರಿಗೂ ಅದು ಕಾಣದ ಹಾಗೆ ರೇಟು ಕಟ್ಟುವುದೇ ವಿದ್ಯೆ. ನನ್ನ ಸಂಬಳ ಆ ಹತ್ತರಿಂದಲೇ ಬರುತ್ತಿತ್ತು. ಈ ವಾಕ್ಯದ ಬಗ್ಗೆ ನಾನು ಆಗ ಸರಿಯಾಗಿ ಯೋಚಿಸಲಿಲ್ಲ.

ಒಂದು ಮಧ್ಯಾಹ್ನ ಧಣಿಗಳು ಬಂದು ನನ್ನೆದುರು ಕುಳಿತರು.

"ಮಾಷ್ಟ್ರೇ, ಶಿರ್ತಾಡಿಯ ದಯಾನಂದ ಅಂತ ಒಬ್ಬ ಇದ್ದಾನೆ. ಹದಿಮೂರು ಮ್ಯಾಚಿನಲ್ಲಿ ಹನ್ನೊಂದು ಗೆದ್ದಿದ್ದಾನೆ. ಅವನಿಗೆ ಒಳಗಿನ ಸುದ್ದಿ ಎಲ್ಲಿಂದಲೋ ಬರ್ತಾ ಉಂಟು. ಇವತ್ತೇ ಅವನನ್ನು ಗಿರಾಕಿ ಪಟ್ಟಿಯಿಂದ ಬಿಟ್ಟುಬಿಡುವ."

ದಯಾನಂದ ನನಗೆ ಗೊತ್ತಿದ್ದವನೇ. ಶಾಮಿಯಾನ, ಕುರ್ಚಿ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವವನು. ಒಂದು ಪಿಕಪ್ ಗಾಡಿ, ಇನ್ನೂರು ಕುರ್ಚಿ, ಹೆಂಡತಿ ಪ್ರೇಮ, ಇಬ್ಬರು ಹೆಣ್ಣುಮಕ್ಕಳು. ನನ್ನ ಮಗಳ ಮದುವೆಗೆ ಚಪ್ಪರ ಹಾಕಿದವನೂ ಅವನೇ. ಮೈಕಿನಲ್ಲಿ "ಹಲೋ, ಹಲೋ" ಎನ್ನುವುದನ್ನು ಬಿಟ್ಟು ಒಳಗಿನ ಸುದ್ದಿ ಅವನಿಗೆ ಯಾವುದೂ ಬರುವ ಸಾಧ್ಯತೆ ಇರಲಿಲ್ಲ.

ಆಗ ನಾನು ಬಾಯಿ ಮುಚ್ಚಿಕೊಂಡು "ಆಗಲಿ ಧಣಿ, ಬಿಡುವ" ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ದಯಾನಂದ ಗೆದ್ದ ಹಣದೊಂದಿಗೆ ಮನೆಗೆ ಹೋಗುತ್ತಿದ್ದ, ಬೆಟ್ಟಿಂಗಿನಿಂದ ಪಾರಾಗುತ್ತಿದ್ದ. ಆದರೆ ತಪ್ಪು ಲೆಕ್ಕವನ್ನು ಎದುರಿಗೆ ಕಂಡು ಸುಮ್ಮನಿರುವ ಗುಣ ನನ್ನ ವಂಶದಲ್ಲಿಲ್ಲ.

"ನಾಳೆ ಲಿಖಿತ ವರದಿ ಕೊಡ್ತೇನೆ" ಎಂದೆ. ಧಣಿಗಳು ವರದಿ ಕೇಳಿರಲಿಲ್ಲ.

ಆ ವರದಿ ನನ್ನ ಜೀವಮಾನದ ಅತ್ಯುತ್ತಮ ಕೃತಿ. ಮೊದಲನೆಯ ಪುಟದಲ್ಲಿ ಹೀಗಿತ್ತು: ದಯಾನಂದ ಹಾಕುವುದು ಸಮಬಲದ ಪಂದ್ಯಗಳಿಗೆ ಮಾತ್ರ, ಅಂದರೆ ಪ್ರತಿ ಸಲವೂ ನಾಣ್ಯ ಚಿಮ್ಮಿದ ಹಾಗೆ. ನಾಣ್ಯವನ್ನು ಹದಿಮೂರು ಸಲ ಚಿಮ್ಮಿದರೆ ಎಂಟು ಸಾವಿರದ ನೂರ ತೊಂಬತ್ತೆರಡು ರೀತಿ ಬೀಳಬಹುದು. ಅದರಲ್ಲಿ ತೊಂಬತ್ತೆರಡು ರೀತಿಗಳಲ್ಲಿ ಹನ್ನೊಂದೋ ಅದಕ್ಕಿಂತ ಹೆಚ್ಚೋ ಸಲ ಗೆಲುವು. ಎಂದರೆ, ಏನೂ ಗೊತ್ತಿಲ್ಲದ ಎಂಬತ್ತೊಂಬತ್ತು ಮಂದಿಯಲ್ಲಿ ಒಬ್ಬ ಹೀಗೆ ಗೆಲ್ಲುತ್ತಾನೆ. ನಮ್ಮಲ್ಲಿ ನಾನೂರು ಗಿರಾಕಿಗಳು. ಹಾಗಾದರೆ ನಾಲ್ಕೈದು ಮಂದಿ ಹೀಗೆ ಇರಲೇಬೇಕು. ಹುಡುಕಿದೆ. ನಾಲ್ವರು ಸಿಕ್ಕಿದರು!

ಎರಡನೆಯ ಪುಟ ಇನ್ನೂ ಬಲವಾದದ್ದು. ನಿಜವಾಗಿ ಸುದ್ದಿ ಗೊತ್ತಿದ್ದವನು ಯಾವಾಗಲೂ ರೇಟಿಗಿಂತ ಮುಂದೆ ಇರುತ್ತಾನೆ. ಬೆಳಿಗ್ಗೆ ತೊಂಬತ್ತು ಪೈಸೆಗೆ ಅವನು ಹಾಕುತ್ತಾನೆ. ಮುಖ್ಯ ಬೌಲರ್ ಆಡುವುದಿಲ್ಲ ಎಂಬಂಥ ಸುದ್ದಿ ಎಲ್ಲರಿಗೂ ಮುಟ್ಟಿ, ಎಲ್ಲರೂ ಅದೇ ತಂಡಕ್ಕೆ ಹಾಕಿ, ಪಂದ್ಯ ಶುರುವಾಗುವ ಹೊತ್ತಿಗೆ ರೇಟು ಎಪ್ಪತ್ತಕ್ಕೆ ಇಳಿದಿರುತ್ತದೆ. ಅವನು ಗೆದ್ದನೋ ಸೋತನೋ ನೋಡಬೇಕಾಗಿಲ್ಲ, ಅವನು ಹಿಡಿದ ರೇಟನ್ನೂ ಕೊನೆಯ ರೇಟನ್ನೂ ಹೋಲಿಸಿದರೆ ಸಾಕು. ದಯಾನಂದನ ಹದಿಮೂರರಲ್ಲಿ ಒಂಬತ್ತು ಸಲ ರೇಟು ಅವನಿಗೆ ವಿರುದ್ಧವಾಗಿ ಹೋಗಿತ್ತು. ಅವನು ತೊಂಬತ್ತಕ್ಕೆ ಹಾಕಿ ಊಟಕ್ಕೆ ಹೋಗುತ್ತಿದ್ದ. ಸಂಜೆ ಅದೇ ತಂಡ ತೊಂಬತ್ತೈದಕ್ಕೆ ಸಿಗುತ್ತಿತ್ತು. ಗೆಲ್ಲುವಾಗಲೂ ಅವನು ತಪ್ಪು ಬೆಲೆಗೇ ಕೊಂಡುಕೊಂಡು ಗೆಲ್ಲುತ್ತಿದ್ದ. ಕೊನೆಗೆ ಕೆಂಪು ಶಾಯಿಯಲ್ಲಿ ಬರೆದೆ: "ಜ್ಞಾನ ಸೊನ್ನೆ. ಬರೀ ಅದೃಷ್ಟ."

ಧಣಿಗಳು ಎರಡು ಸಲ ಓದಿದರು. "ಹಾಗಾದ್ರೆ ಇವನನ್ನು ಬಿಡಬಾರದು ಅಲ್ವಾ ಮಾಷ್ಟ್ರೇ?"

"ಬಿಡಲೇಬಾರದು ಧಣಿ. ಆಡ್ತಾ ಹೋದ ಹಾಗೆ ಎಲ್ಲ ವಾಪಸ್ ಬರ್ತದೆ" ಎಂದೆ, ಬಹಳ ಉತ್ಸಾಹದಿಂದ.

"ಅವನು ಹಾಕಬಹುದಾದ ಹಣದ ಮಿತಿ ಹತ್ತು ಪಟ್ಟು ಮಾಡುವ. ಹಣ ಇಲ್ಲದಿದ್ರೆ ಸಾಲಕ್ಕೂ ಕೊಡುವ."

ಮೂಡುಬಿದಿರೆಯ ಬಸ್ಸಿನಲ್ಲಿ ಕುಳಿತ ಮೇಲೆ ನಾನು ಮಾಡಿದ್ದು ಏನು ಎಂದು ಹೊಳೆಯಿತು. ನನಗೆ ಸ್ವಲ್ಪ ನಿಧಾನ. ವಾರಿಜಳಿಗೆ ಎಲ್ಲ ಹೇಳಿದೆ.

"ಮಗಳ ಚಪ್ಪರಕ್ಕೆ ಅವನು ಬಾಡಿಗೆ ಅರ್ಧ ಬಿಟ್ಟಿದ್ದ, ನೆನಪುಂಟಲ್ಲ?" ಎಂದಳು. "ಹೋಗಿ ಹೇಳಿ ಅವನಿಗೆ."

ಹೋದೆ. ದಯಾನಂದ ಮನೆಯ ಮುಂದೆ ಕುರ್ಚಿ ತೊಳೆಯುತ್ತಿದ್ದ. ನಾನು ಯಾರ ಹತ್ತಿರ ಕೆಲಸಕ್ಕಿದ್ದೇನೆಂದು ಹೇಳಿ, ಅವನದು ಬರೀ ಅದೃಷ್ಟ, ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು ಎಂದೆ. ಅವನು ನಳ್ಳಿಯ ನೀರು ನಿಲ್ಲಿಸಿ ನನ್ನನ್ನೇ ನೋಡಿದ.

"ನಿಮ್ಮನ್ನು ಧಣಿ ಕಳಿಸಿದ್ದಾ ಮಾಷ್ಟ್ರೇ?"

"ಇಲ್ಲ ಮಾರಾಯ. ನಾನೇ ಬಂದದ್ದು."

"ಗೆಲ್ತಾ ಇರುವವನನ್ನು ನಿಲ್ಲಿಸು ಅಂತ ಬುಕ್ಕಿಯ ಜನ ಮನೆಬಾಗಿಲಿಗೆ ಬರ್ತಾರೆ ಅಂದ್ರೆ..." ಎಂದು ಅವನು ನಕ್ಕ. "ಪ್ರೇಮಾ, ಮಾಷ್ಟ್ರಿಗೆ ಶರಬತ್ತು ಮಾಡು. ಧಣಿ ಹೆದರಿದ್ದಾರಂತೆ."

ಇಲ್ಲಿ ನಾನು ಎದ್ದು ಬರಬೇಕಿತ್ತು. ಬದಲಿಗೆ ಜೇಬಿನಿಂದ ವರದಿಯ ನಕಲು ತೆಗೆದು ಕೊಟ್ಟೆ. ಲೆಕ್ಕವನ್ನು ಕಣ್ಣಾರೆ ಕಂಡರೆ ಯಾರೇ ಆದರೂ ಒಪ್ಪಿಕೊಳ್ಳುತ್ತಾರೆ ಎಂಬುದು ಇಪ್ಪತ್ತು ವರ್ಷದ ಪಾಠದಲ್ಲಿ ಒಮ್ಮೆಯೂ ನಿಜವಾಗದಿದ್ದರೂ ನಾನು ಬಿಟ್ಟಿರದ ನಂಬಿಕೆ. ದಯಾನಂದ ಓದಿದ. ಅವನ ಕಣ್ಣಿಗೆ ಬಿದ್ದದ್ದು "ಎಂಬತ್ತೊಂಬತ್ತರಲ್ಲಿ ಒಬ್ಬ" ಎಂಬ ಒಂದು ಸಾಲು ಮಾತ್ರ.

"ಎಂಬತ್ತೊಂಬತ್ತರಲ್ಲಿ ಒಬ್ಬ ಅಂತ ನೀವೇ ಬರೆದಿದ್ದೀರಿ" ಎಂದು ಅವನು ನಿಧಾನವಾಗಿ ಹೇಳಿದ. ಅವನ ಧ್ವನಿಯಲ್ಲಿ ಭಕ್ತಿಯಿತ್ತು. ಮರುದಿನ ಅದನ್ನು ಲ್ಯಾಮಿನೇಟ್ ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದ.

ಆ ವಾರ ಎರಡು ಮದುವೆಗಳ ಆರ್ಡರನ್ನು ಅವನು ಬಿಟ್ಟುಕೊಟ್ಟನೆಂದು ಪ್ರೇಮ ಫೋನಿನಲ್ಲಿ ವಾರಿಜಳಿಗೆ ಹೇಳಿದಳು. "ಕಂಬ ಹೊರುವ ಕೆಲಸ ಇನ್ನು ಯಾಕೆ ಅಂತಾರೆ ಅಕ್ಕಾ. ಗಾಡಿಯ ಪತ್ರ ತಗೊಂಡು ಬಂಟ್ವಾಳಕ್ಕೆ ಹೋಗಿದ್ದಾರೆ."

ನಾನು ಧಣಿಗಳ ಬಳಿಗೆ ಓಡಿದೆ. "ಧಣಿ, ಲೆಕ್ಕ ತಪ್ಪಿದೆ. ದಯಾನಂದನಿಗೆ ನಿಜವಾಗಿ ವಿಷಯ ಗೊತ್ತುಂಟು. ಅವನನ್ನು ಬಿಟ್ಟುಬಿಡುವ."

"ಮಾಷ್ಟ್ರೇ, ನೀವು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟಿದ್ದೀರಿ" ಎಂದು ಧಣಿಗಳು ತಣ್ಣಗೆ ಹೇಳಿದರು. "ನಾನು ಅದನ್ನು ಪೂರ್ತಿ ಓದಿದ್ದೇನೆ. ಬಹಳ ಚಂದ ಉಂಟು."

ಉಳಿದದ್ದು ನನ್ನ ಕೈಯಲ್ಲಿದ್ದ ಒಂದೇ ಆಯುಧ, ರೇಟು. ದಯಾನಂದ ಮೊದಲೇ ಫೋನಿನಲ್ಲಿ ರೇಟು ವಿಚಾರಿಸುತ್ತಿದ್ದುದರಿಂದ ಅವನು ಯಾವ ತಂಡವನ್ನು ಹಿಡಿಯುತ್ತಾನೆಂದು ನನಗೆ ಗೊತ್ತಿತ್ತು. ಆ ತಂಡದ ರೇಟನ್ನು ತೊಂಬತ್ತರಿಂದ ಎಂಬತ್ತಕ್ಕೆ ಇಳಿಸಿದೆ. ಲಾಭ ಕಮ್ಮಿ ಎಂದು ಕಂಡರೆ ಹಿಂದೆ ಸರಿಯುತ್ತಾನೆ ಎಂಬುದು ನನ್ನ ಸೂಕ್ಷ್ಮ ಯೋಜನೆ. ಅವನು ಎಂಬತ್ತನ್ನು ನೋಡಿ, "ನನಗೆ ಹೆದರಿ ರೇಟು ಇಳಿಸಿದ್ದಾರೆ, ಈ ಸಲ ಖಂಡಿತ" ಎಂದು ಎರಡು ಪಟ್ಟು ಹಾಕಿದ. ತೊಂಬತ್ತು ಪೈಸೆಯ ರೇಟಿನಲ್ಲಿ ಅವನು ಹಾಕಿದ ಪ್ರತಿ ನೂರಕ್ಕೆ ಸರಾಸರಿ ಐದು ರೂಪಾಯಿ ಕರಗುತ್ತಿತ್ತು; ಎಂಬತ್ತರಲ್ಲಿ ಹತ್ತು. ಅಂದರೆ ನನ್ನ ಉಪಕಾರದಿಂದ ಅವನ ನಷ್ಟದ ವೇಗ ದುಪ್ಪಟ್ಟಾಯಿತು. ಹಾಕಿದ ಹಣವೂ ದುಪ್ಪಟ್ಟು, ಹಾಗಾಗಿ ನಾಲ್ಕು ಪಟ್ಟು.

ಧಣಿಗಳಿಗೆ ನನ್ನ ಚಾಣಾಕ್ಷತನ ಬಹಳ ಹಿಡಿಸಿತು. ಸಂಬಳ ಹೆಚ್ಚಿಸಿದರು. ನಾನು ಬೇಡ ಎನ್ನಬೇಕೆಂದು ಬಾಯಿ ತೆರೆದೆ. "ಥ್ಯಾಂಕ್ಸ್ ಧಣಿ" ಎಂಬ ಶಬ್ದ ಹೊರಬಂತು.

ದಯಾನಂದ ಎರಡು ಪಂದ್ಯ ಗೆದ್ದ, ಆರು ಸೋತ. ಸೋತ ಪ್ರತಿ ಸಲವೂ ಹೆಚ್ಚು ಹಾಕಿದ. ಮೊದಲು ಪಿಕಪ್ ಹೋಯಿತು. ನಂತರ ಕುರ್ಚಿಗಳನ್ನು ಲಾಯಿಲದ ಒಬ್ಬ ಶಾಮಿಯಾನದವನು ಒಯ್ದ. ಮೈಕ್ ಸೆಟ್ಟು, ಕಂಬಗಳು, ಕೊನೆಗೆ ಅಂಗಡಿಯ ಬಾಡಿಗೆ ಕೋಣೆ. ಪ್ರೇಮ ಇಬ್ಬರು ಮಕ್ಕಳನ್ನು ಕರೆದುಕೊಂಡು ವೇಣೂರಿನ ತಾಯಿಮನೆಗೆ ಹೋದಳು. ಫೋನಿನಲ್ಲಿ ಅವಳು ಅಳಲಿಲ್ಲವಂತೆ. ವಾರಿಜ ಮಾತ್ರ ಅತ್ತಳು, ಆಮೇಲೆ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ.

ಆಮೇಲೆ ನಾನು ಕೆಲಸ ಬಿಟ್ಟೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬಿಟ್ಟಿಲ್ಲ. ಈ ವಯಸ್ಸಿನಲ್ಲಿ ತ್ರಿಕೋನಮಿತಿಗೆ ತಿಂಗಳ ಸಂಬಳ ಯಾರು ಕೊಡುತ್ತಾರೆ?

ಕಳೆದ ವಾರ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಬಳಿಯ ಹೋಟೆಲಿನಲ್ಲಿ ದಯಾನಂದ ಸಿಕ್ಕಿದ. ನಾನು ನೋಡದ ಹಾಗೆ ದಾಟಲು ನೋಡಿದೆ. ಅವನೇ ಕರೆದು ಎದುರು ಕೂರಿಸಿ ಎರಡು ಚಹಾ ಹೇಳಿದ. ಈಗ ಆ ಲಾಯಿಲದವನ ಶಾಮಿಯಾನಕ್ಕೇ ದಿನಗೂಲಿಗೆ ಕಂಬ ಹೊರುತ್ತಾನೆ. ಕೈಯೆಲ್ಲ ಹಗ್ಗ ಎಳೆದ ಗೀರು.

"ಮಾಷ್ಟ್ರೇ, ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ. ಗೆದ್ದದ್ದು ಅದೃಷ್ಟ ಅಂದ್ರಿ. ಸರಿ. ಆಮೇಲೆ ಸೋತದ್ದು ಎಂತ? ಅದೂ ಅದೃಷ್ಟವಾ, ನನ್ನ ದಡ್ಡತನವಾ?"

ಅದೃಷ್ಟ ಎಂದರೆ, ಅದು ಒಂದು ದಿನ ತಿರುಗುತ್ತದೆ ಎಂದು ಇವನು ಮತ್ತೆ ಬಂಟ್ವಾಳದ ಬಸ್ಸು ಹತ್ತುತ್ತಾನೆ. ದಡ್ಡತನ ಎಂದರೆ, ಬುದ್ಧಿ ಕಲಿತು ಗೆಲ್ಲುತ್ತೇನೆ ಎಂದು ಹತ್ತುತ್ತಾನೆ. ನಾನು ಅಷ್ಟು ದೊಡ್ಡ ವರದಿ ಬರೆದವನು, ಅವನಿಗೆ ಬೇಕಾಗಿದ್ದ ಒಂದು ಸಾಲನ್ನು ಮಾತ್ರ ಬರೆದಿರಲಿಲ್ಲ.

"ಅದು ನನ್ನ ಸಂಬಳ, ದಯಾನಂದ" ಎಂದೆ.

ಅವನು ಸರಿ ಎಂಬಂತೆ ತಲೆಯಾಡಿಸಿದ. ನಾನು ಹೇಳಿದ್ದನ್ನು ಅವನು ನಂಬಿದ್ದು ಅದೇ ಮೊದಲು.

ಶಾಮಿಯಾನದ ಲಾರಿ ಹಾರ್ನ್ ಹೊಡೆಯಿತು. ಅವನು ಎದ್ದು ಹೋದ. ನಾನು ಬಿಲ್ಲಿಗೆಂದು ಗಲ್ಲಾಪೆಟ್ಟಿಗೆಯ ಬಳಿ ಹೋಗಿ ಪರ್ಸು ತೆಗೆದೆ.

"ಅವರು ಕೊಟ್ಟಾಯ್ತು ಸಾರ್" ಎಂದರು ಹೋಟೆಲಿನವರು. "ಎರಡೂ ಚಹಾದ್ದು."