ನಾಲ್ಕು ಕಾರುಗಳ ನೌಕಾಪಡೆ

ಕಲಿತದ್ದನ್ನು ಸಾಯುವ ಮೊದಲು ಒಮ್ಮೆಯಾದರೂ ಬಳಸಿ ತೋರಿಸಬೇಕೆಂಬ ಚಪಲ ನನಗೆ ಮೊದಲಿನಿಂದಲೂ ಇದೆ. ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಹಗಲು ಹೋಟೆಲಿನಲ್ಲಿ ದೋಸೆ ಹುಯ್ದು, ಸಂಜೆ ಕಾಲೇಜಿನಲ್ಲಿ ಓದಿ ಗಳಿಸಿದ ಇತಿಹಾಸದ ಬಿ.ಎ. ಅದು. ಮಸ್ಕತ್ತಿನ ಗೋದಾಮಿನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಹಾಗಾಗಿ ಅಲ್ಲಿನ ಅಲ್ ಹೈಲ್ ಬಡಾವಣೆಯ ನಾವು ನಾಲ್ಕು ಮನೆಯವರು ಕಡಲ ದಂಡೆಗೆ ಪಿಕ್‌ನಿಕ್ ಹೊರಟಾಗ, ದಾರಿ ಬಲ್ಲವನು ನಾನೊಬ್ಬನೇ ಎಂದಾದಾಗ, ಬಿ.ಎ.ಗೆ ಕೊನೆಗೂ ಕಾಲ ಬಂತು ಅನ್ನಿಸಿತು.

ಡಾಂಬರು ಮುಗಿದಲ್ಲಿಂದ ಬರೀ ಜಲ್ಲಿಯ ಬಯಲು, ಫೋನ್ ಸಿಗುವುದಿಲ್ಲ. "ಸಾಲಾಗಿ ಬನ್ನಿ," ಎಂದೆ.

"ಯಾಕೆ ಮಾರಾಯ್ರೆ, ಅಗಲ ಜಾಗ ಉಂಟಲ್ಲ?" ಎಂದ ಹಮೀದ್. ಅವನು ಉಪ್ಪಿನಂಗಡಿಯವನು, ಮಸ್ಕತ್ತಿನ ಹಮ್ರಿಯಾ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದಾನೆ.

ನಾನು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಹಳೆಯ ನೌಕಾಯುದ್ಧಗಳ ಪಾಠ ಶುರು ಮಾಡಿದೆ. ಹಾಯಿ ಹಡಗಿನ ಫಿರಂಗಿಗಳೆಲ್ಲ ಎರಡು ಪಕ್ಕೆಗಳಲ್ಲಿರುತ್ತಿದ್ದವು. ಮೂತಿಗೂ ಬೆನ್ನಿಗೂ ಬಲವಿಲ್ಲ. ಬೆನ್ನಿನಿಂದ ಹೊಕ್ಕ ಗುಂಡು ಹಡಗಿನುದ್ದಕ್ಕೂ ಜನರನ್ನು ಕೆಡಹುತ್ತ ಹೋಗುತ್ತಿತ್ತು. ಒಂದರ ಹಿಂದೊಂದು ಸಾಲುಗಟ್ಟಿದರೆ ಒಬ್ಬರ ಮೂತಿ, ಬೆನ್ನನ್ನು ಇನ್ನೊಬ್ಬರು ಕಾಯುತ್ತಾರೆ. ಇಡೀ ಪಕ್ಕೆಯ ಫಿರಂಗಿಗಳು ಶತ್ರುವಿನತ್ತ, ನಡುವೆ ನಮ್ಮವರು ಅಡ್ಡವಿಲ್ಲ. ಆಜ್ಞೆಗೆ ಬಾವುಟ: ಯಾವ ಬಾವುಟಕ್ಕೆ ಯಾವ ಅರ್ಥವೆಂದು ಪ್ರತಿ ಕಪ್ತಾನನ ಬಳಿ ಪುಸ್ತಕ. ಕಂಡಿತೆನ್ನಲು ಅವನೂ ಒಂದು ಬಾವುಟ ಏರಿಸಬೇಕು. ಹೊಗೆಯಲ್ಲಿ ಹಿಂದಿನವರಿಗೆ ಕಾಣದಲ್ಲ? ಅದಕ್ಕೆ ಸಾಲಿನಾಚೆ ಸಣ್ಣ ಹಡಗೊಂದು ಸಾಗುತ್ತ ಅದೇ ಬಾವುಟಗಳನ್ನು ತಾನೂ ಏರಿಸಿ ತೋರಿಸುತ್ತಿತ್ತು.

"ಆ ಸಣ್ಣ ಹಡಗು ನಾನು. ನಿಮ್ಮ ಧೂಳು ತಿನ್ನಲಿಕ್ಕೆ ನನ್ನಿಂದಾಗುದಿಲ್ಲ," ಎಂದ ಹಮೀದ್.

ನಮ್ಮ ಬಾವುಟಗಳು ಟವೆಲ್ಲುಗಳು: ಕೆಂಪು ಟವೆಲ್ಲಿಗೆ 'ಸಾಲು ಬಿಡಬೇಡಿ', ಹಳದಿಗೆ 'ಸಾಲು ಬಿಟ್ಟು ನೆರಳು ಹುಡುಕಿ ನಿಲ್ಲಿ'. ಕಂಡವರು ಲೈಟ್ ಮಿನುಗಿಸಬೇಕು. ಕಾರಿನ ಮೇಲಿನ ಕ್ಯಾರಿಯರಿಗೆ ಕೆಂಪು ಕಟ್ಟಿ ಹೊರಟೆ. ಪಕ್ಕದಲ್ಲಿ ಹಮೀದನೂ ಕೆಂಪು ಹಾರಿಸಿದ. ಧೂಳಿನೊಳಗಿಂದ ಲೈಟುಗಳು ಮಿನುಗಿದವು. ನನ್ನೆದೆ ಉಬ್ಬಿತು.

ದಂಡೆಯ ಬಳಿಯ ಮರಗಳು ಕಂಡೊಡನೆ ಹಿಂದಿನ ಸೀಟಿನ ಮಗಳಿಗೆ "ಹಳದಿ ಏರಿಸು!" ಎಂದೆ. ಏರಿಸಿದಳು. ಲೈಟುಗಳೂ ಮಿನುಗಿದವು. ಆದರೆ ಒಂದು ಕಾರೂ ಸಾಲು ಬಿಡಲಿಲ್ಲ! ನಾನು ಗಕ್ಕನೆ ನಿಂತರೆ ಧೂಳಿನಲ್ಲಿ ಹಿಂದಿನವರು ಬಂದು ಗುದ್ದಿಯಾರು. ಅವರೇ ಚದುರಲಿ ಎಂದು ಮರವೊಂದನ್ನು ಸುತ್ತಿದೆ. ಸಾಲೂ ಸುತ್ತಿತು. ಎರಡು ಸುತ್ತಾಯಿತು. ನೆರಳಿನಲ್ಲಿದ್ದ ಆಡುಗಳು ಮೆಲುಕು ನಿಲ್ಲಿಸಿ ನೋಡಿದವು. ಕೊನೆಯ ಕಾರು ನಮ್ಮ ನೆರೆಯ ದಿನೇಶನದು; ಅದರಲ್ಲಿ ಅವನ ಹೆಂಡತಿ ಮಾಡಿದ ಕೋಳಿ ಸುಕ್ಕ ನಮ್ಮೊಂದಿಗೆ ಪ್ರದಕ್ಷಿಣೆ ಹಾಕುತ್ತಿತ್ತು.

"ಪಪ್ಪಾ, ರೆಡ್ ಈಸ್ ಸ್ಟಿಲ್ ಅಪ್," ಎಂದಳು ಮಗಳು.

"ಇವರೇ, ಆ ಕೆಂಪು ಇಳಿಸ್ಲಿಕ್ಕೆ ಯಾರು ಹೇಳ್ಬೇಕಿತ್ತು?" ಎಂದಳು ಹೆಂಡತಿ ಶಶಿಕಲಾ.

ಕೆಂಪು ಇಳಿಯಿತು. ಕ್ಷಣದಲ್ಲಿ ಎಲ್ಲರೂ ಚದುರಿ ನೆರಳು ಸೇರಿದರು. ಹಮೀದ್ ನಗುತ್ತ ಬಂದ: "ನೀವು ಎರಡು ಹಾರಿಸಿದ್ರಿ, ನಾನೂ ಎರಡು ಹಾರಿಸಿದೆ. ಸಣ್ಣ ಹಡಗಿಗೆ ತಲೆ ಓಡಿಸ್ಲಿಕ್ಕೆ ಉಂಟಾ? ಖಲಾಸ್, ಊಟ ಹಾಕಿ!"

ಸುಕ್ಕ ಬಿಸಿಯಾಗಿಯೇ ಇತ್ತು. ಊಟ ಚೆನ್ನಾಗಿ ಸೇರಿತು. ನನಗೆ ಮಾತ್ರ ಬಿ.ಎ. ಪರೀಕ್ಷೆಯಲ್ಲಿ ಸೋತ ನೌಕಾಯುದ್ಧವೊಂದರ ಬಗ್ಗೆ ಬರೆದ ಉತ್ತರ ನೆನಪಾಯಿತು. 'ಸಾಲಿನ ಬಾವುಟ ಇಳಿಸದೆಯೇ ಹತ್ತಿರ ನುಗ್ಗಿ ಹೊಡೆಯಿರಿ ಎಂಬ ಬಾವುಟ ಏರಿಸಿದ್ದರಿಂದ ಹಿಂದಿನ ಹಡಗುಗಳು ಸಾಲು ಬಿಡದೆ, ಹೋರಾಡದೆ ಉಳಿದವು. ಇಂಥ ನೌಕಾಧಿಪತಿಗೆ ಸಾಮಾನ್ಯ ಜ್ಞಾನವಿರಲಿಲ್ಲ' ಎಂದು ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಈಗ ಬರೆದರೆ ಆ ಕೊನೆಯ ವಾಕ್ಯ ಬಿಡುತ್ತೇನೆ. ಪಾಪ, ಅವನ ಹಡಗಿನಲ್ಲಿ ಶಶಿಕಲಾ ಇರಲಿಲ್ಲ.